ಕಬಾಬ್ ಯಾಕೆ ಗರಿಗರಿ, ಬ್ಯಾಟರ್ ಯಾಕೆ ಮೆತ್ತಗೆ: ಮೊಟ್ಟೆ, ಕಾರ್ನ್‌ಫ್ಲೋರ್ ಮತ್ತು ಮೈದಾದ ಲೆಕ್ಕ

ಬೆಂಗಳೂರು, ಮೈಸೂರು ಕಡೆ ಕಬಾಬ್ ಅಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸ ಅಲ್ಲ. ಮೂಳೆ ಸಮೇತ ಸಣ್ಣದಾಗಿ ಕತ್ತರಿಸಿದ ಕೋಳಿ ತುಂಡಿಗೆ ಖಾರ, ಶುಂಠಿ ಬೆಳ್ಳುಳ್ಳಿ, ಮೊಟ್ಟೆ, ಕಾರ್ನ್‌ಫ್ಲೋರ್ ಕಲಸಿ ಎಣ್ಣೆಯಲ್ಲಿ ಕರಿದದ್ದು. ಮೇಲೆ ಒಂದು ಹಿಡಿ ಕರಿಬೇವು, ಪಕ್ಕದಲ್ಲಿ ಈರುಳ್ಳಿ, ನಿಂಬೆಹಣ್ಣು. ಒಳ್ಳೆ ಕಬಾಬ್ ಕಚ್ಚಿದರೆ ಹೊದಿಕೆ ಕಟ್ ಅಂತ ಮುರಿಯುತ್ತದೆ, ಆದರೆ ಮಾಂಸದಿಂದ ಕಳಚಿಕೊಳ್ಳುವುದಿಲ್ಲ. ಅದೇ ಕೋಳಿಯನ್ನು ಮೈದಾ ಕಲಸಿದ ಬ್ಯಾಟರ್‌ನಲ್ಲಿ ಅದ್ದಿ ಕರಿಯಿರಿ. ಬಾಣಲೆಯಿಂದ ತೆಗೆದಾಗ ಚೆನ್ನಾಗಿಯೇ ಇರುತ್ತದೆ. ಐದು ನಿಮಿಷ ಬಿಟ್ಟು ನೋಡಿದರೆ ಮೇಲಿನ ಪದರ ಬನ್ನಿನಂತೆ ಮೆತ್ತಗಾಗಿ, ಕಚ್ಚಿದ ಕೂಡಲೇ ಪೂರ್ತಿಯಾಗಿ ಕೈಗೆ ಬರುತ್ತದೆ.

ಎರಡೂ ಕರಿದದ್ದೇ, ಎಣ್ಣೆಯೂ ಒಂದೇ. ವ್ಯತ್ಯಾಸ ಇರುವುದು ನೀರಿನಲ್ಲಿ. ಹೊದಿಕೆಯೊಳಗೆ ಎಷ್ಟು ನೀರು ಇತ್ತು, ಅದು ಹೊರಗೆ ಹೋಗಲು ದಾರಿ ಸಿಕ್ಕಿತಾ, ಹೋದ ಮೇಲೆ ವಾಪಸ್ ಬಂತಾ ಅನ್ನುವುದರಲ್ಲಿ. ಈ ಒಂದು ಎಳೆ ಹಿಡಿದುಕೊಂಡರೆ ಉಳಿದ ಅಳತೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಗರಿಗರಿ ಅಂದರೆ ನೀರು ಹೋದ ಪಿಷ್ಟ

ಎಣ್ಣೆ 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾದಿರುತ್ತದೆ. ನೀರು 100 ಡಿಗ್ರಿಗೇ ಆವಿಯಾಗುತ್ತದೆ. ಹಾಗಾಗಿ ತುಂಡು ಎಣ್ಣೆಗೆ ಬಿದ್ದ ಕ್ಷಣದಿಂದ ಹೊದಿಕೆಯ ನೀರು ಗುಳ್ಳೆಗುಳ್ಳೆಯಾಗಿ ಓಡಲು ಶುರುಮಾಡುತ್ತದೆ. ಬಾಣಲೆಯಲ್ಲಿ ನಾವು ಕೇಳುವ ಚುರ್ ಅನ್ನುವ ಸದ್ದೆಲ್ಲ ಅದೇ. ಅಷ್ಟರಲ್ಲಿ ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ಸಿಕ್ಕಷ್ಟು ನೀರು ಕುಡಿದು ಉಬ್ಬುತ್ತವೆ. ಕಾರ್ನ್‌ಫ್ಲೋರ್‌ನಲ್ಲಿರುವ ಮೆಕ್ಕೆಜೋಳದ ಪಿಷ್ಟಕ್ಕೆ ಇದು ಸುಮಾರು 62ರಿಂದ 72 ಡಿಗ್ರಿಯ ನಡುವೆ ಆಗುವ ಕೆಲಸ. ಆಮೇಲೆ ಆ ನೀರೂ ಹೋಗುತ್ತದೆ. ಉಬ್ಬಿದ ಪಿಷ್ಟ ಒಣಗಿ, ಬಿಗಿಯಾಗಿ, ಗಾಜಿನ ಹಾಗೆ ಒಡೆಯುವ ಪದರವಾಗುತ್ತದೆ. ಬೇಸಿಗೆಯಲ್ಲಿ ಹಾಕುವ ಅಕ್ಕಿ ಸಂಡಿಗೆಯ ಲೆಕ್ಕವೇ ಇಲ್ಲೂ ನಡೆಯುವುದು. ಸಂಡಿಗೆಯಲ್ಲಿ ಬೇಯಿಸುವುದು, ಒಣಗಿಸುವುದು, ಕರಿಯುವುದು ಬೇರೆ ಬೇರೆ ದಿನ. ಕಬಾಬ್‌ನಲ್ಲಿ ಮೂರೂ ಹತ್ತು ನಿಮಿಷದೊಳಗೆ ಮುಗಿಯಬೇಕು.

ಹಾಗಾದರೆ ಒಳ್ಳೆ ಹೊದಿಕೆಗೆ ಬೇಕಾದ್ದು ಏನು? ಮೊದಲು, ಪಿಷ್ಟ ಜಾಸ್ತಿ ಇರಬೇಕು. ನೀರು ಕಡಿಮೆ ಇರಬೇಕು. ಪದರ ತೆಳ್ಳಗಿರಬೇಕು, ಆದರೂ ಮಾಂಸಕ್ಕೆ ಅಂಟಿಕೊಂಡಿರಬೇಕು. ಕಾರ್ನ್‌ಫ್ಲೋರ್ ಮೊದಲಿನ ಕೆಲಸಗಳನ್ನು ನೋಡಿಕೊಳ್ಳುತ್ತದೆ. ಅಂಟಿಸುವ ಕೆಲಸ ಮೊಟ್ಟೆಯದು.

ಕಾರ್ನ್‌ಫ್ಲೋರ್‌ಗೂ ಮೈದಾಗೂ ಇರುವ ಅಂತರ

ಮೈದಾದಲ್ಲಿ ಪಿಷ್ಟದ ಜೊತೆಗೆ ನೂರಕ್ಕೆ ಸುಮಾರು ಹತ್ತರಷ್ಟು ಪ್ರೋಟೀನ್ ಇರುತ್ತದೆ. ನೀರು ಹಾಕಿ ಕಲಸಿದರೆ ಈ ಪ್ರೋಟೀನ್‌ಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಪರೋಟ ಮಾಡುವವರು ಹಿಟ್ಟನ್ನು ಬಟ್ಟೆಯಂತೆ ಬೀಸಿ ಹರಡುತ್ತಾರಲ್ಲ, ಹರಿಯದೆ ಹಿಗ್ಗುವ ಆ ಶಕ್ತಿ ಈ ಬಲೆಯದು. ಪರೋಟಕ್ಕೆ ಅದು ಬೇಕು. ಕರಿಯುವ ಹೊದಿಕೆಗೆ ಅದು ತೊಂದರೆ. ಬಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಬೆ ಹೊರಗೆ ಬರಲು ಅಡ್ಡವಾಗುತ್ತದೆ, ತಣ್ಣಗಾದರೆ ಚರ್ಮದಂತೆ ಎಳೆಯುತ್ತದೆ.

ಕಾರ್ನ್‌ಫ್ಲೋರ್‌ನಲ್ಲಿ ಪ್ರೋಟೀನ್ ಬಹುತೇಕ ಇಲ್ಲವೇ ಇಲ್ಲ. ಮೆಕ್ಕೆಜೋಳದ ಕಾಳನ್ನು ನೆನೆಸಿ, ಅರೆದು, ಸಿಪ್ಪೆ, ಮೊಳಕೆ, ಪ್ರೋಟೀನ್ ಎಲ್ಲ ಬೇರ್ಪಡಿಸಿದ ಮೇಲೆ ಉಳಿಯುವ ಬಿಳಿ ಪಿಷ್ಟ ಅದು. ಬೆರಳಲ್ಲಿ ಒತ್ತಿದರೆ ಕಿರ್ ಅನ್ನುವಷ್ಟು ನಯ. ರೊಟ್ಟಿಗೆ ಬಳಸುವ ಹಳದಿ ಮೆಕ್ಕೆಜೋಳದ ಹಿಟ್ಟು ಇದಕ್ಕೆ ಬದಲಿ ಆಗುವುದಿಲ್ಲ. ಅಮೆರಿಕದಲ್ಲಿರುವವರು ಅಂಗಡಿಯಲ್ಲಿ ಕಾರ್ನ್‌ಸ್ಟಾರ್ಚ್ ಎಂದು ಬರೆದ ಡಬ್ಬಿ ತೆಗೆದುಕೊಳ್ಳಬೇಕು.

ಪ್ರೋಟೀನ್ ಇಲ್ಲ ಅಂದ ಮೇಲೆ ಗ್ಲುಟೆನ್ ಕಟ್ಟುವ ಮಾತೇ ಇಲ್ಲ. ಎಷ್ಟು ಕಲಸಿದರೂ ಜಿಗುಟಾಗುವುದಿಲ್ಲ. ಇನ್ನೊಂದು ಅನುಕೂಲ ಎಂದರೆ ತಣ್ಣೀರಿನಲ್ಲಿ ಕಾರ್ನ್‌ಫ್ಲೋರ್ ಹೆಚ್ಚು ನೀರು ಕುಡಿಯುವುದಿಲ್ಲ. ಲೋಟದಲ್ಲಿ ಕಲಸಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಹಿಟ್ಟು ತಳಕ್ಕೆ ಕೂತು ಮೇಲೆ ನೀರು ನಿಲ್ಲುತ್ತದೆ. ಮೈದಾ ಹಾಗಲ್ಲ. ಇಟ್ಟಷ್ಟೂ ನೀರೆಳೆದುಕೊಂಡು ಗಟ್ಟಿಯಾಗುತ್ತಾ ಹೋಗುತ್ತದೆ. ತುಂಡಿಗೆ ಹತ್ತುವ ಹದದ ಬ್ಯಾಟರ್ ಬೇಕೆಂದರೆ 100 ಗ್ರಾಂ ಮೈದಾಕ್ಕೆ 120ರಿಂದ 150 ಮಿಲಿಲೀಟರ್ ನೀರು ಬೇಕಾಗುತ್ತದೆ. ಅಂದರೆ ಹಿಟ್ಟಿಗಿಂತ ನೀರೇ ಹೆಚ್ಚು. ಆ ನೀರನ್ನೆಲ್ಲ ದಪ್ಪ ಪದರದಿಂದ ಓಡಿಸಬೇಕು. ಹೊರಗಿನ ಒಂದಿಷ್ಟು ಒಣಗಿ ಗರಿಯಾಗುವಷ್ಟರಲ್ಲಿ ಬಣ್ಣ ಬಂದುಬಿಟ್ಟಿರುತ್ತದೆ, ಒಳಪದರ ಇನ್ನೂ ಹಸಿ ಹಿಟ್ಟಿನ ಹಾಗೇ ಇರುತ್ತದೆ.

ಮೈದಾ ಬ್ಯಾಟರ್ ಬಳಸುವವರಿಗೂ ಇದು ಗೊತ್ತಿದೆ. ಜಪಾನಿನವರು ಟೆಂಪುರಾಕ್ಕೆ ಹಿಟ್ಟನ್ನು ಮಂಜಿನಷ್ಟು ತಣ್ಣಗಿನ ನೀರಿನಲ್ಲಿ, ಗಂಟು ಉಳಿದರೂ ಪರವಾಗಿಲ್ಲ ಅಂತ, ಒಂದೆರಡು ಸುತ್ತು ಮಾತ್ರ ಕಲಸುತ್ತಾರೆ. ಇಂಗ್ಲೆಂಡಿನಲ್ಲಿ ಮೀನು ಕರಿಯುವ ಬ್ಯಾಟರ್‌ಗೆ ಬಿಯರ್ ಅಥವಾ ಬೇಕಿಂಗ್ ಪೌಡರ್ ಹಾಕಿ ಗಾಳಿ ತುಂಬಿಸುತ್ತಾರೆ. ಗ್ಲುಟೆನ್ ಕಟ್ಟದ ಹಾಗೆ, ಕಟ್ಟಿದರೂ ಪದರ ಭಾರವಾಗದ ಹಾಗೆ ನೋಡಿಕೊಳ್ಳುವ ಉಪಾಯ ಇವೆಲ್ಲ. ನಮ್ಮ ಗೋಬಿ ಮಂಚೂರಿ ಅಂಗಡಿಗಳಲ್ಲಿ ಮೈದಾದ ಜೊತೆ ಕಾರ್ನ್‌ಫ್ಲೋರ್ ಬೆರೆಸುವುದೂ ಅದಕ್ಕೇ. ಮೈದಾದ ಪಾಲು ಕಡಿಮೆಯಾದಷ್ಟು ಬಲೆ ಸಡಿಲ. ಬಜ್ಜಿ ಹಿಟ್ಟಿನ ಕಥೆ ಸ್ವಲ್ಪ ಬೇರೆ. ಕಡಲೆಹಿಟ್ಟಿನಲ್ಲಿ ಪ್ರೋಟೀನ್ ಮೈದಾಗಿಂತ ಜಾಸ್ತಿ, ಆದರೆ ಅದು ಗ್ಲುಟೆನ್ ಆಗುವ ಜಾತಿಯದ್ದಲ್ಲ. ಬಜ್ಜಿ ಮೆತ್ತಗಾಗುವುದು ಪದರ ದಪ್ಪ ಇರುವುದರಿಂದ. ಒಂದು ಚಮಚ ಅಕ್ಕಿ ಹಿಟ್ಟು ಸೇರಿಸಿದರೆ ಗರಿ ಬರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಅದೂ ಪಿಷ್ಟದ ಪಾಲು ಹೆಚ್ಚಿಸುವ ದಾರಿಯೇ.

ಮೊಟ್ಟೆಯ ಕೆಲಸ

ಬರೀ ಕಾರ್ನ್‌ಫ್ಲೋರ್ ಅನ್ನು ನೀರಿನಲ್ಲಿ ಕಲಸಿ ಕೋಳಿಗೆ ಹಚ್ಚಿದರೆ ಎಣ್ಣೆಗೆ ಬೀಳುತ್ತಿದ್ದಂತೆ ಅರ್ಧ ಬಿಟ್ಟುಹೋಗುತ್ತದೆ. ಕಣಗಳನ್ನು ಹಿಡಿದಿಡುವ ಅಂಟು ಅದರಲ್ಲಿ ಇಲ್ಲ. ಮೈದಾದಲ್ಲಿ ಆ ಕೆಲಸವನ್ನು ಗ್ಲುಟೆನ್ ಮಾಡುತ್ತಿತ್ತು. ಇಲ್ಲಿ ಮೊಟ್ಟೆ ಮಾಡುತ್ತದೆ.

ಮೊಟ್ಟೆಯ ಬಿಳಿ ಭಾಗ 60 ಡಿಗ್ರಿ ದಾಟುತ್ತಿದ್ದಂತೆ ಗಟ್ಟಿಯಾಗಲು ಶುರುವಾಗುತ್ತದೆ. ಕಾದ ಎಣ್ಣೆಯಲ್ಲಿ ಇದು ಕೆಲವೇ ಸೆಕೆಂಡಿನ ಮಾತು. ಪಿಷ್ಟದ ಕಣಗಳು ಇದ್ದಲ್ಲೇ ಸಿಕ್ಕಿಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾದದ್ದು ಮಾಂಸದ ಮೇಲ್ಮೈಯಲ್ಲಿ ಆಗುವುದು. ಕೋಳಿಗೆ ಉಪ್ಪು ಹಾಕಿ ಕೈಯಲ್ಲಿ ಚೆನ್ನಾಗಿ ತಿಕ್ಕಿ ನೋಡಿ. ಒಂದೆರಡು ನಿಮಿಷದಲ್ಲಿ ತುಂಡುಗಳು ಬೆರಳಿಗೆ ಅಂಟತೊಡಗುತ್ತವೆ. ಉಪ್ಪು ಮಾಂಸದ ಪ್ರೋಟೀನನ್ನು ಸ್ವಲ್ಪ ಹೊರಗೆ ಎಳೆದಿರುತ್ತದೆ. ಬಿಸಿ ತಾಗಿದಾಗ ಈ ಪ್ರೋಟೀನೂ ಮೊಟ್ಟೆಯ ಪ್ರೋಟೀನೂ ಒಟ್ಟಿಗೆ ಗಟ್ಟಿಯಾಗುತ್ತವೆ. ಹೊದಿಕೆ ಮಾಂಸದ ಮೇಲೆ ಕೂತಿರುವುದಿಲ್ಲ, ಮಾಂಸಕ್ಕೆ ಹೊಲಿದ ಹಾಗೆ ಇರುತ್ತದೆ.

ಬ್ಯಾಟರ್‌ನಲ್ಲಿ ನಡೆಯುವುದೇ ಬೇರೆ. ದಪ್ಪ ಪದರ ಮೊದಲು ಹೊರಗಡೆಯಿಂದ ಚಿಪ್ಪಿನಂತೆ ಗಟ್ಟಿಯಾಗುತ್ತದೆ. ಒಳಗೆ ಕೋಳಿ ಬೆಂದಂತೆ ಕುಗ್ಗುತ್ತದೆ. ಚಿಪ್ಪು ಕುಗ್ಗುವುದಿಲ್ಲ. ನಡುವೆ ಉಂಟಾದ ಸಂದಿಯಲ್ಲಿ ಹಬೆ ತುಂಬಿಕೊಳ್ಳುತ್ತದೆ. ಅಂಥ ಒಂದು ತುಂಡನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಹೊರಗೆ ಕಂದು ಗೀಟು, ಅದರ ಒಳಗೆ ಬೆಳ್ಳಗೆ ಅಂಟಂಟಾದ ಪದರ, ಆಮೇಲೆ ಖಾಲಿ ಜಾಗ, ಆಮೇಲೆ ಮಾಂಸ. ಕಬಾಬ್ ತುಂಡು ಕತ್ತರಿಸಿದರೆ ಒಂದು ತೆಳು ಕೆಂಪು ಅಂಚು, ಅದರ ಬೆನ್ನಿಗೇ ಮಾಂಸ.

ಮೊಟ್ಟೆಗೆ ಇನ್ನೊಂದು ಕೆಲಸ ಇದೆ, ಬಣ್ಣ ತರುವುದು. ಪ್ರೋಟೀನ್ ಇಲ್ಲದ ಕಾರ್ನ್‌ಫ್ಲೋರ್ ಎಷ್ಟು ಕರಿದರೂ ಬಿಳಿಚಿಕೊಂಡೇ ಇರುತ್ತದೆ. ಮೊಟ್ಟೆ ಸೇರಿದರೆ ಹೊಂಬಣ್ಣಕ್ಕೆ ತಿರುಗುತ್ತದೆ. ಹಳದಿಯಲ್ಲಿ ಕೊಬ್ಬೂ ಇರುವುದರಿಂದ ಹೊದಿಕೆ ಕಲ್ಲಿನಂತಾಗದೆ ಸ್ವಲ್ಪ ಹಗುರವಾಗಿ ಮುರಿಯುತ್ತದೆ. ಬರೀ ಬಿಳಿ ಹಾಕಿದರೆ ಪದರ ಬಿರುಸು, ಇಡೀ ಮೊಟ್ಟೆ ಹಾಕಿದರೆ ಮೃದುವಾದ ಗರಿ. ಕೋಳಿಗೆ ನಾನು ಇಡೀ ಮೊಟ್ಟೆಯ ಪಕ್ಷ.

ಆದರೆ ಮೊಟ್ಟೆಯ ಮುಕ್ಕಾಲು ಪಾಲು ನೀರೇ ಅನ್ನುವುದನ್ನು ಮರೆಯಬಾರದು. ಸಿಪ್ಪೆ ಬಿಟ್ಟು 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಹತ್ತಿರ ಹತ್ತಿರ 37 ಗ್ರಾಂ ನೀರು ಇರುತ್ತದೆ. ಅದಕ್ಕೇ ಮೊಟ್ಟೆ ಹಾಕಿದ ಮೇಲೆ ಬೇರೆ ನೀರು ಹಾಕಬೇಕಾಗಿಲ್ಲ. ಅರ್ಧ ಕೆಜಿ ಕೋಳಿಗೆ ಎರಡು ಮೊಟ್ಟೆ ಒಡೆದರೆ ಕಬಾಬ್ ಸುತ್ತ ಆಮ್ಲೆಟ್ ಸುತ್ತಿದ ಹಾಗಾಗುತ್ತದೆ. ಎಣ್ಣೆಯೂ ಅದನ್ನು ಹೇಳಿಬಿಡುತ್ತದೆ. ಮೊಟ್ಟೆ ಜಾಸ್ತಿಯಾದರೆ ಸಣ್ಣ ಸಣ್ಣ ನೊರೆ ಎದ್ದು ಬಾಣಲೆಯ ಅಂಚಿನವರೆಗೆ ಏರುತ್ತದೆ. ಸರಿಯಾಗಿದ್ದರೂ ಸ್ವಲ್ಪ ನೊರೆ ಬಂದೇ ಬರುತ್ತದೆ, ಹಾಗಾಗಿ ಬಾಣಲೆಯಲ್ಲಿ ಎಣ್ಣೆ ಅರ್ಧಕ್ಕಿಂತ ಮೇಲೆ ಇರಬಾರದು.

ಅದೇ ಎರಡು ಸಾಮಾನು, ತದ್ವಿರುದ್ಧ ಫಲ

ಒಂದು ಸಣ್ಣ ಅಡ್ಡದಾರಿ. ಚೀನೀ ಅಡುಗೆಯಲ್ಲಿ ತೆಳ್ಳಗೆ ಹೆಚ್ಚಿದ ಕೋಳಿಗೆ ಮೊಟ್ಟೆಯ ಬಿಳಿ ಮತ್ತು ಕಾರ್ನ್‌ಫ್ಲೋರ್ ಸವರಿ ಹದವಾದ ಎಣ್ಣೆಯಲ್ಲಿ, ಅಂದಾಜು 130-140 ಡಿಗ್ರಿಯಲ್ಲಿ, ಒಂದು ನಿಮಿಷದೊಳಗೆ ಆಡಿಸಿ ತೆಗೆಯುತ್ತಾರೆ. ಆ ಕೋಳಿ ಗರಿಗರಿ ಆಗುವುದೇ ಇಲ್ಲ, ರೇಷ್ಮೆಯಷ್ಟು ನುಣುಪಾಗುತ್ತದೆ. ಆಮೇಲೆ ಅದು ಸಾಸ್ ಜೊತೆ ಬಾಣಲೆಗೆ ಹೋಗುತ್ತದೆ. ಪಿಷ್ಟ ಉಬ್ಬಿತು, ಮೊಟ್ಟೆ ಗಟ್ಟಿಯಾಯಿತು, ಆದರೆ ನೀರು ಹೋಗಲು ಬೇಕಾದ ಬಿಸಿಯೂ ಸಮಯವೂ ಸಿಗಲಿಲ್ಲ. ಮನೆಯಲ್ಲಿ ಎಣ್ಣೆ ಸರಿಯಾಗಿ ಕಾಯುವ ಮೊದಲೇ ಕಬಾಬ್ ಬಿಟ್ಟವರಿಗೆ ಸಿಗುವುದೂ ಹೆಚ್ಚುಕಡಿಮೆ ಇದೇ, ಜೊತೆಗೆ ಒಂದಿಷ್ಟು ಎಣ್ಣೆ. ಮೊಟ್ಟೆ, ಕಾರ್ನ್‌ಫ್ಲೋರ್ ಹಾಕಿದರೆ ಸಾಕು, ಗರಿಗರಿ ಬಂದುಬಿಡುತ್ತದೆ ಅನ್ನುವುದು ಅರ್ಧ ಸತ್ಯ ಮಾತ್ರ.

ಅರ್ಧ ಕೆಜಿ ಕಬಾಬ್, ಅಳತೆ ಸಮೇತ

ಚರ್ಮ ತೆಗೆದ, ಮೂಳೆ ಸಮೇತ ಅರ್ಧ ಕೆಜಿ ಕೋಳಿ. ತುಂಡುಗಳು ಸಾರಿಗೆ ಹಾಕುವುದಕ್ಕಿಂತ ಸಣ್ಣದಿರಲಿ, ದೊಡ್ಡ ತುಂಡಾದರೆ ಮೂಳೆ ಹತ್ತಿರ ಬೇಯುವಷ್ಟರಲ್ಲಿ ಮೇಲೆ ಸೀದುಹೋಗುತ್ತದೆ. ತೊಳೆದ ಮೇಲೆ ಜಾಲರಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಟ್ಟು, ಬಟ್ಟೆ ಅಥವಾ ಟಿಶ್ಯೂವಿನಿಂದ ಒರೆಸಬೇಕು. ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ. ತುಂಡಿನ ಮೇಲೆ ನೀರಿನ ಪಸೆ ಇದ್ದರೆ ಮೊಟ್ಟೆಗೆ ಮಾಂಸ ಸಿಗುವುದಿಲ್ಲ, ನೀರೇ ಸಿಗುತ್ತದೆ.

ಒಂದು ಚಿಕ್ಕ ಚಮಚ ಉಪ್ಪು, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಎರಡು ಚಿಕ್ಕ ಚಮಚ ಬ್ಯಾಡಗಿ ಮೆಣಸಿನ ಪುಡಿ, ಕಾಲು ಚಮಚ ಅರಿಶಿನ, ಅರ್ಧ ಚಮಚ ಗರಂ ಮಸಾಲೆ, ಅರ್ಧ ನಿಂಬೆಹಣ್ಣಿನ ರಸ. ಪೇಸ್ಟ್ ಮನೆಯಲ್ಲಿ ಅರೆಯುವುದಾದರೆ ನೀರು ಹಾಕದೆ ಅರೆಯಿರಿ. ಕೋಳಿ ಅಂಟಂಟಾಗುವವರೆಗೆ ಇದನ್ನೆಲ್ಲ ತಿಕ್ಕಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಮೊಟ್ಟೆಯನ್ನೂ ಕಾರ್ನ್‌ಫ್ಲೋರನ್ನೂ ಈಗಲೇ ಹಾಕಬೇಡಿ. ಉಪ್ಪು ಕೋಳಿಯಿಂದ ನೀರು ಬಿಡಿಸುತ್ತಲೇ ಇರುತ್ತದೆ. ರಾತ್ರಿಯೇ ಎಲ್ಲ ಕಲಸಿಟ್ಟರೆ ಬೆಳಿಗ್ಗೆ ಪಾತ್ರೆಯ ತಳದಲ್ಲಿ ಕೆಂಪು ನೀರು ನಿಂತಿರುತ್ತದೆ, ಕಾರ್ನ್‌ಫ್ಲೋರ್ ಅದರಡಿ ಗಟ್ಟಿಯಾಗಿ ಕೂತಿರುತ್ತದೆ.

ಎಣ್ಣೆ ಕಾಯಲು ಇಟ್ಟ ಮೇಲೆ ಹೊದಿಕೆ. ಕೋಳಿ ಬಿಟ್ಟ ನೀರು ಇದ್ದರೆ ಚೆಲ್ಲಿ. ಒಂದು ಮೊಟ್ಟೆ ಒಡೆದು ಹಾಕಿ ಕಲಸಿ, ಮೊದಲು ಅದು ಎಲ್ಲ ತುಂಡಿಗೂ ಹತ್ತಲಿ. ಆಮೇಲೆ ನಾಲ್ಕು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ದೊಡ್ಡ ಚಮಚ ಅಕ್ಕಿ ಹಿಟ್ಟು. ಅಕ್ಕಿ ಹಿಟ್ಟು ಗರಿಯನ್ನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸುತ್ತದೆ, ಬಾಯಿಗೆ ಸಣ್ಣ ತರಿತರಿಯೂ ಸಿಗುತ್ತದೆ. ಹದ ನೋಡುವುದು ಹೀಗೆ: ಒಂದು ತುಂಡು ಎತ್ತಿ ಹಿಡಿಯಿರಿ. ಹೊದಿಕೆ ಧಾರೆಯಾಗಿ ಇಳಿದರೆ ನೀರಾಗಿದೆ, ಇನ್ನೊಂದು ಚಮಚ ಕಾರ್ನ್‌ಫ್ಲೋರ್ ಬೇಕು. ಅಲ್ಲಲ್ಲಿ ಬಿಳಿ ಪುಡಿ ಒಣಗಿ ನಿಂತಿದ್ದರೆ ಒಂದು ಚಮಚ ನೀರು ಚಿಮುಕಿಸಿ. ಒಂದೆರಡು ಹನಿ ತೊಟ್ಟಿಕ್ಕಿ ನಿಂತುಹೋದರೆ, ಪಾತ್ರೆಯ ತಳದಲ್ಲಿ ಏನೂ ಉಳಿಯದಿದ್ದರೆ ಸರಿ. ಬ್ಯಾಟರ್ ಆದರೆ ತುಂಡು ಅದರಲ್ಲಿ ಮುಳುಗಬೇಕು. ಇಲ್ಲಿ ಮುಳುಗಲು ಏನೂ ಇರಬಾರದು.

ಎಣ್ಣೆಗೆ ಥರ್ಮಾಮೀಟರ್ ಇದ್ದರೆ 170 ಡಿಗ್ರಿ. ಇಲ್ಲದಿದ್ದರೆ ಹೊದಿಕೆಯ ಒಂದು ಹನಿ ಬಿಟ್ಟು ನೋಡಿ. ತಳ ಮುಟ್ಟಿ ನಿಧಾನಕ್ಕೆ ಮೇಲೆ ಬಂದರೆ ಇನ್ನೂ ಕಾದಿಲ್ಲ. ಬಿಟ್ಟ ಕೂಡಲೇ ಚುರ್ ಅಂತ ಮೇಲೆದ್ದು ಓಡಾಡಿದರೆ ಸಿದ್ಧ. ಬಿದ್ದ ಜಾಗದಲ್ಲೇ ಕಂದಾದರೆ ಜಾಸ್ತಿ ಕಾದಿದೆ. ಒಂದು ಲೀಟರ್ ಎಣ್ಣೆಗೆ ಅರ್ಧ ಕೆಜಿಯನ್ನು ಮೂರು ಸಲ ಮಾಡಿ ಹಾಕಬೇಕು. ಒಟ್ಟಿಗೆ ಸುರಿದರೆ ಎಣ್ಣೆಯ ಬಿಸಿ ಇಳಿದುಹೋಗುತ್ತದೆ. ಪ್ರತಿ ಸಲ ಹಾಕುವ ಮೊದಲು ಪಾತ್ರೆಯಲ್ಲಿರುವುದನ್ನು ಒಮ್ಮೆ ಮೇಲೆ ಕೆಳಗೆ ಮಾಡಿ. ಕಾರ್ನ್‌ಫ್ಲೋರ್ ತಳಕ್ಕಿಳಿಯುವ ಸ್ವಭಾವದ್ದಾದ್ದರಿಂದ ಹಾಗೆ ಮಾಡದಿದ್ದರೆ ಮೊದಲ ಬಾಣಲೆಗೆ ಬರೀ ಮೊಟ್ಟೆ, ಕೊನೆಯ ಬಾಣಲೆಗೆ ಬರೀ ಹಿಟ್ಟು ಹೋಗುತ್ತದೆ.

ತುಂಡು ಬಿಟ್ಟ ಮೇಲೆ ಒಂದು ನಿಮಿಷ ಸಟ್ಟುಗ ಮುಟ್ಟಬೇಡಿ. ಹೊದಿಕೆ ಕಚ್ಚಿಕೊಳ್ಳುವ ಸಮಯ ಅದು. ಆಮೇಲೆ ಮಧ್ಯಮ ಉರಿಯಲ್ಲಿ ಎಣ್ಣೆಯ ಬಿಸಿ 160ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಂಡು ಏಳೆಂಟು ನಿಮಿಷ ಕರಿಯಿರಿ. ಕಣ್ಣಿಗಿಂತ ಕಿವಿ ಚೆನ್ನಾಗಿ ಹೇಳುತ್ತದೆ. ಶುರುವಿನಲ್ಲಿ ಗದ್ದಲ, ದೊಡ್ಡ ಗುಳ್ಳೆ. ನೀರು ಕಡಿಮೆಯಾದಂತೆ ಗುಳ್ಳೆ ಸಣ್ಣದಾಗಿ ಸದ್ದು ತಗ್ಗುತ್ತದೆ. ಆಗ ತೆಗೆದು ಜಾಲರಿಯ ಮೇಲೆ ಹರಡಿ. ಅತಿ ದಪ್ಪದ ತುಂಡೊಂದನ್ನು ಮೂಳೆ ಪಕ್ಕದಲ್ಲಿ ಸೀಳಿ ನೋಡಿ, ಮಾಂಸ ಗುಲಾಬಿ ಇರಬಾರದು, ರಸ ತಿಳಿಯಾಗಿರಬೇಕು. ಥರ್ಮಾಮೀಟರ್ ಇದ್ದವರಿಗೆ ಒಳಗೆ 74 ಡಿಗ್ರಿ.

ಇಲ್ಲಿಗೇ ಬಡಿಸಿದರೆ ಚೆನ್ನಾಗಿರುತ್ತದೆ, ಆದರೆ ಗರಿ ಬೇಗ ಇಳಿಯುತ್ತದೆ. ಹೊದಿಕೆ ಒಣಗಿದೆ, ಒಳಗಿನ ಕೋಳಿಯಲ್ಲಿ ಮಾತ್ರ ರಸ ತುಂಬಿದೆ. ಆ ತೇವ ಹಬೆಯಾಗಿ ಹೊರಗೆ ಬರುತ್ತಾ ಹೊದಿಕೆಯನ್ನು ನೆನೆಸುತ್ತದೆ. ಹಾಗಾಗಿ ಐದಾರು ನಿಮಿಷ ಬಿಟ್ಟು, ಬರುವ ತೇವ ಬರಲಿ ಎಂದು ಕಾದು, ಎಣ್ಣೆಯನ್ನು 185 ಡಿಗ್ರಿಗೆ ಏರಿಸಿ ಇನ್ನೊಮ್ಮೆ ಒಂದೂವರೆ, ಎರಡು ನಿಮಿಷ ಕರಿಯಬೇಕು. ಕಬಾಬ್ ಗಾಡಿಯವರು ಮೊದಲೇ ಒಂದು ರಾಶಿ ಕರಿದಿಟ್ಟುಕೊಂಡು, ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಬಿಟ್ಟು ಕೊಡುತ್ತಾರಲ್ಲ, ಅವರಿಗೆ ಅದು ಸಮಯ ಉಳಿಸುವ ದಾರಿ. ಗರಿಯ ದೃಷ್ಟಿಯಿಂದಲೂ ಅದೇ ಸರಿ. ಒಂದು ಎಚ್ಚರ ಮಾತ್ರ ಬೇಕು. ಅರ್ಧ ಬೆಂದ ಕೋಳಿಯನ್ನು ಗಂಟೆಗಟ್ಟಲೆ ಹೊರಗಿಡುವುದು ಒಳ್ಳೆಯದಲ್ಲ. ಮನೆಯಲ್ಲಿ ಮೊದಲ ಸಲವೇ ಪೂರ್ತಿ ಬೇಯಿಸಿ, ಎರಡನೆಯದನ್ನು ಗರಿಗಾಗಿ ಮಾತ್ರ ಇಟ್ಟುಕೊಳ್ಳಿ. ಕೊನೆಯಲ್ಲಿ ಅದೇ ಎಣ್ಣೆಗೆ ಕರಿಬೇವು, ಸೀಳಿದ ಹಸಿಮೆಣಸು ಬಿಟ್ಟು ತೆಗೆದು ಮೇಲೆ ಉದುರಿಸಿ. ಎಲೆ ಒದ್ದೆ ಇದ್ದರೆ ಎಣ್ಣೆ ಸಿಡಿಯುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಬೀದಿಯಲ್ಲಿ ಕಾಣುತ್ತಿದ್ದ ಕಣ್ಣು ಕುಕ್ಕುವ ಕೆಂಪು ಬ್ಯಾಡಗಿ ಮೆಣಸಿನಿಂದ ಬರುವುದಿಲ್ಲ. ಮೆಣಸಿನ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು, ಕರಿಯುವಾಗ ಒಂದಿಷ್ಟು ಎಣ್ಣೆಗೆ ಹೋಗುತ್ತದೆ, ಉಳಿದದ್ದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿತು. ಅದಕ್ಕೆ ಮೂರು ತಿಂಗಳ ಹಿಂದೆ ಗೋಬಿ ಮಂಚೂರಿಯ ಸರದಿ ಆಗಿತ್ತು. ಇಟ್ಟಿಗೆ ಕೆಂಪಿನ ಕಬಾಬ್‌ಗೆ ಕಣ್ಣು ಒಗ್ಗಿಸಿಕೊಂಡರೆ ಆಯಿತು, ರುಚಿಗೆ ಏನೂ ಕಡಿಮೆಯಿಲ್ಲ.

ಮೀನಿಗೆ ಬಂದಾಗ

ಮೀನಿನಲ್ಲಿ ಲೆಕ್ಕ ಬದಲಾಗುತ್ತದೆ. ಅದು ಕೋಳಿಗಿಂತ ಬೇಗ ಬೇಯುತ್ತದೆ, ಬೇಗ ಪುಡಿಯಾಗುತ್ತದೆ. ಕೋಳಿಗೆ ಇರುವ ಏಳೆಂಟು ನಿಮಿಷ ಇಲ್ಲಿ ಇಲ್ಲ. ಒಂದೂವರೆ ಸೆಂಟಿಮೀಟರ್ ದಪ್ಪದ ಅಂಜಲ್ ತುಂಡಿಗೆ ನಾಲ್ಕೈದು ನಿಮಿಷ ಸಾಕು. ಅಷ್ಟರಲ್ಲೇ ಹೊದಿಕೆ ಒಣಗಬೇಕಾದ್ದರಿಂದ ಅದು ಇನ್ನೂ ತೆಳ್ಳಗಿರಬೇಕು, ಎಣ್ಣೆ ಮೊದಲಿನಿಂದಲೇ 175-180ರಲ್ಲಿ ಇರಬೇಕು. ಎರಡನೇ ಸಲ ಕರಿಯುವುದು ಮೀನಿಗೆ ಒಗ್ಗುವುದಿಲ್ಲ, ಒಳಗೆ ನಾರಾಗಿಬಿಡುತ್ತದೆ.

ಹಾಗಾಗಿ ಮೀನಿಗೆ ಎಲ್ಲವನ್ನೂ ಒಟ್ಟಿಗೆ ಕಲಸುವುದಕ್ಕಿಂತ ಪದರ ಪದರವಾಗಿ ಹಚ್ಚುವುದು ಮೇಲು. ಉಪ್ಪು, ಅರಿಶಿನ ಸವರಿ ಕಾಲು ಗಂಟೆ ಇಡಿ, ಬಿಟ್ಟ ನೀರನ್ನು ಒರೆಸಿ, ಆಮೇಲೆ ಗಟ್ಟಿ ಮಸಾಲೆ ಹಚ್ಚಿ. ಮೊದಲು ಒಣ ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ ಕೊಡವಿ. ಉಳಿದ ಪಸೆಯನ್ನು ಅದು ಹೀರಿಕೊಳ್ಳುತ್ತದೆ, ಮೊಟ್ಟೆಗೆ ಹಿಡಿಯಲು ಒರಟು ಮೇಲ್ಮೈ ಸಿಗುತ್ತದೆ. ಆಮೇಲೆ ಕದಡಿದ ಮೊಟ್ಟೆಯಲ್ಲಿ ಅದ್ದಿ ಹೆಚ್ಚಿನದನ್ನು ಇಳಿಯಲು ಬಿಟ್ಟು, ಮತ್ತೆ ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ. ಒಂದೆರಡು ನಿಮಿಷ ಹಾಗೇ ಇಟ್ಟು, ಮೇಲಿನ ಬಿಳಿ ಪುಡಿ ತೇವಗೊಂಡು ಮಸುಕಾದ ಮೇಲೆ ಎಣ್ಣೆಗೆ ಬಿಡಬೇಕು. ಆತುರ ಮಾಡಿದರೆ ಒಣ ಪುಡಿ ಎಣ್ಣೆಯ ತಳ ಸೇರಿ ಕರಕಲಾಗುತ್ತದೆ, ಮೀನಿನ ಮೇಲೂ ಬಿಳಿ ಮಚ್ಚೆ ಉಳಿಯುತ್ತದೆ.

ಕರಾವಳಿಯ ರವಾ ಫ್ರೈಗೆ ಮೊಟ್ಟೆ ಬೇಕಾಗುವುದಿಲ್ಲ. ಅಲ್ಲಿ ಒದ್ದೆ ಮಸಾಲೆಯೇ ಅಂಟು, ರವೆಯ ಕಾಳುಗಳೇ ಗರಿ, ಮತ್ತು ಮೀನು ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಅಲುಗದೆ ಕೂತಿರುತ್ತದೆ. ಬಂಗುಡೆಯಂಥ ಜಿಡ್ಡಿನ ಮೀನಿಗೆ ನನ್ನ ಓಟು ಅದಕ್ಕೇ. ಮೊಟ್ಟೆ, ಕಾರ್ನ್‌ಫ್ಲೋರ್ ಹೊದಿಕೆ ಚೆನ್ನಾಗಿ ಒಗ್ಗುವುದು ಮುಳ್ಳು ತೆಗೆದು ಬೆರಳುದ್ದ ಕತ್ತರಿಸಿದ ಬಿಳಿ ಮೀನಿಗೆ, ಮುಳುಗಿಸಿ ಕರಿಯುವಾಗ.

ಮೈದಾ ಬ್ಯಾಟರ್ ಎಲ್ಲಿ ಗೆಲ್ಲುತ್ತದೆ

ಮೈದಾವನ್ನು ಪೂರ್ತಿ ತಳ್ಳಿಹಾಕಿದರೆ ತಪ್ಪಾಗುತ್ತದೆ. ಇಂಗ್ಲೆಂಡಿನ ಫಿಶ್ ಅಂಡ್ ಚಿಪ್ಸ್‌ನಲ್ಲಿ ಕಾಡ್, ಹ್ಯಾಡಕ್ ಮೀನಿನ ದೊಡ್ಡ ದಪ್ಪ ತುಂಡು ಇರುತ್ತದೆ. ಬ್ಯಾಟರ್‌ನ ಚಿಪ್ಪಿನೊಳಗೆ ಅದು ತನ್ನದೇ ಹಬೆಯಲ್ಲಿ ಬೇಯುತ್ತದೆ. ಕಬಾಬ್‌ನಲ್ಲಿ ತೊಂದರೆ ಎನಿಸಿದ ಆ ಸಂದಿಯೇ ಅಲ್ಲಿ ಬೇಕಾದದ್ದು. ತೆಳು ಕಾರ್ನ್‌ಫ್ಲೋರ್ ಪದರಕ್ಕೆ ಅಷ್ಟು ದಪ್ಪದ ಮೀನನ್ನು ಎಣ್ಣೆಯ ನೇರ ಬಿಸಿಯಿಂದ ಕಾಪಾಡಲು ಆಗುವುದಿಲ್ಲ. ಮಸಾಲೆ ಇಲ್ಲದ ಮೀನಿಗೆ ಮೈದಾದ ಬ್ರೆಡ್ಡಿನಂಥ ರುಚಿಯೂ ಬೇಕು. ಕಾರ್ನ್‌ಫ್ಲೋರ್‌ಗೆ ತನ್ನದೇ ಆದ ರುಚಿ ಅಂತ ಏನೂ ಇಲ್ಲ. ಹೂಕೋಸಿನ ವಿಷಯದಲ್ಲೂ ಹಾಗೆಯೇ. ಅದರ ಮೈಯಲ್ಲಿ ಉಪ್ಪು ತಿಕ್ಕಿದರೆ ಹೊರಬಂದು ಅಂಟುವ ಪ್ರೋಟೀನ್ ಇಲ್ಲ, ಸಂದಿಗೊಂದಿ ಬೇರೆ. ಸ್ವಲ್ಪವಾದರೂ ಮೈದಾ ಇಲ್ಲದಿದ್ದರೆ ಹೊದಿಕೆ ನಿಲ್ಲುವುದು ಕಷ್ಟ.

ಚರ್ಮ ಸಮೇತದ ದೊಡ್ಡ ಕೋಳಿ ಕಾಲಿಗೆ ಒಣ ಮೈದಾ ಹೊರಳಿಸುವುದೂ ಇದೆ. ಅದು ಬ್ಯಾಟರ್ ಅಲ್ಲ. ನೀರು ಸೇರಿಸಿ ಕಲಸದೆ ಇರುವುದರಿಂದ ಗ್ಲುಟೆನ್ ಅಷ್ಟಾಗಿ ಕಟ್ಟುವುದಿಲ್ಲ, ಪದರ ಒರಟಾಗಿ ಗರಿಯಾಗುತ್ತದೆ. ಅಲ್ಲೂ ಮೈದಾದ ಕಾಲು ಭಾಗ ತೆಗೆದು ಕಾರ್ನ್‌ಫ್ಲೋರ್ ಹಾಕಿದರೆ ಇನ್ನಷ್ಟು ಹಗುರ.

ಕರಿದ ಮೇಲೆ ಕೆಡಿಸುವುದು

ಒಳ್ಳೆ ಕಬಾಬ್‌ನ ಗತಿ ಕೆಡುವುದು ಹೆಚ್ಚಾಗಿ ಬಾಣಲೆಯಿಂದ ಹೊರಗೆ. ಟಿಶ್ಯೂ ಹಾಸಿದ ತಟ್ಟೆಯಲ್ಲಿ ರಾಶಿ ಹಾಕಿದರೆ ಮೇಲಿನದ್ದರ ಭಾರಕ್ಕೆ, ಹಬೆಗೆ ಕೆಳಗಿನದು ಬೆವರುತ್ತದೆ. ಮುಚ್ಚಳ ಹಾಕಿದರೆ ಮುಗಿದೇ ಹೋಯಿತು. ಗಾಳಿ ಆಡುವ ಜಾಲರಿಯ ಮೇಲೆ ಒಂದೇ ಪದರದಲ್ಲಿ ಇಟ್ಟರೆ ಕಾಲು ಗಂಟೆಯಾದರೂ ಗರಿ ನಿಲ್ಲುತ್ತದೆ. ಪಾರ್ಸೆಲ್ ಒಯ್ಯುವುದಾದರೆ ಪ್ಲಾಸ್ಟಿಕ್ ಡಬ್ಬಿಗಿಂತ ಕಾಗದದ ಪೊಟ್ಟಣ ಒಳ್ಳೆಯದು, ಅದೂ ಬಾಯಿ ಸ್ವಲ್ಪ ತೆರೆದು. ಈರುಳ್ಳಿ, ನಿಂಬೆ ಬೇರೆ ಕಟ್ಟಿಸಿಕೊಳ್ಳಿ.

ತಣ್ಣಗಾದ ಕಬಾಬ್ ಎರಡು ಥರ ಕೆಡುತ್ತದೆ, ನೋಡಿದರೆ ಕಾರಣ ಗೊತ್ತಾಗುತ್ತದೆ. ಮೆತ್ತಗೆ ಜೋತುಬಿದ್ದಿದ್ದರೆ ತೇವ ವಾಪಸ್ ಬಂದಿದೆ. ಇದಕ್ಕೆ ಮದ್ದಿದೆ: ಕಾದ ಓವನ್, ಏರ್ ಫ್ರೈಯರ್ ಅಥವಾ ಮತ್ತೆ ಒಂದು ನಿಮಿಷ ಎಣ್ಣೆ. ಮೈಕ್ರೋವೇವ್ ಬೇಡ, ಅದು ಒಳಗಿನ ನೀರನ್ನೇ ಹಬೆ ಮಾಡಿ ಹೊದಿಕೆಗೆ ತಳ್ಳುತ್ತದೆ. ಕಲ್ಲಿನಂತೆ ಹಲ್ಲಿಗೆ ಗಟ್ಟಿಯಾಗಿದ್ದರೆ ಕಾರ್ನ್‌ಫ್ಲೋರ್ ಪದರ ದಪ್ಪವಾಗಿತ್ತು, ಅಥವಾ ಸದ್ದು ನಿಂತ ಮೇಲೂ ಎಣ್ಣೆಯಲ್ಲೇ ಬಿಟ್ಟಿದ್ದಿರಿ. ಅದನ್ನು ಬಿಸಿ ಮಾಡಿ ಸರಿಪಡಿಸಲು ಆಗುವುದಿಲ್ಲ. ಈರುಳ್ಳಿ, ಕ್ಯಾಪ್ಸಿಕಂ, ಸೋಯಾ ಸಾಸ್ ಜೊತೆ ಬಾಣಲೆಯಲ್ಲಿ ಒಮ್ಮೆ ತಿರುಗಿಸಿ ಚಿಲ್ಲಿ ಚಿಕನ್ ಮಾಡಿಬಿಡಿ. ಗಟ್ಟಿ ಹೊದಿಕೆ ಸಾಸ್ ಹೀರಿಕೊಂಡು ಹದಕ್ಕೆ ಬರುತ್ತದೆ.